ಮೂವರ ಬಾಯಲ್ಲಿ ಒಂದೇ ಸೀರೆ

ಪ್ರಶ್ನೆ: ಧಾರವಾಡದಲ್ಲಿ ಮನೆಯಿಂದಲೇ ಇಳಕಲ್ ಸೀರೆ ಮಾರುತ್ತೇನೆ. ನಾಲ್ಕು ವರ್ಷವಾಯಿತು. ಫೇಸ್‌ಬುಕ್‌ನಲ್ಲಿ ನಾನೇ ಬರೆಯುತ್ತೇನೆ, ನಮ್ಮ ಮಾತಿನ ಧಾಟಿಯಲ್ಲೇ. ಇನ್‌ಸ್ಟಾಗ್ರಾಮ್ ನೋಡಿಕೊಳ್ಳುವುದು ಬೆಂಗಳೂರಿನಲ್ಲಿ ಓದಿದ ನನ್ನ ತಂಗಿಯ ಮಗಳು. ಅವಳದ್ದು ಅರ್ಧ ಇಂಗ್ಲಿಷ್. ರಾತ್ರಿ ವಾಟ್ಸಾಪ್‌ಗೆ ನಮ್ಮ ಯಜಮಾನರು ಉತ್ತರ ಕೊಡುತ್ತಾರೆ. ಹೋದ ತಿಂಗಳು ಮೈಸೂರಿನ ಒಬ್ಬರು "ಇನ್‌ಸ್ಟಾದಲ್ಲಿ ಇರುವವರೂ ನೀವೇನಾ? ಯಾಕೋ ನಂಬಿಕೆ ಬರ್ತಿಲ್ಲ" ಎಂದು ಹೇಳಿ ಸೀರೆ ತೆಗೆದುಕೊಳ್ಳಲೇ ಇಲ್ಲ. ಬ್ರ್ಯಾಂಡ್ ದನಿ, ಅಂದ್ರೆ ಅಂಗಡಿ ಮಾತಾಡೋ ಧಾಟಿ, ಎಲ್ಲ ಕಡೆ ಒಂದೇ ಇರಬೇಕು ಅಂತಾರೆ. ಹಾಗಂದ್ರೆ ಎಲ್ಲ ಕಡೆ ಒಂದೇ ಪೋಸ್ಟ್ ಹಾಕಬೇಕಾ? ನಮ್ಮ ಮಾತು ಬಿಟ್ಟು ಪುಸ್ತಕದ ಕನ್ನಡ ಬರೀಬೇಕಾ? ಒಂದು ಏಜೆನ್ಸಿಯವರು ತಿಂಗಳಿಗೆ ಹನ್ನೆರಡು ಸಾವಿರ ಕೇಳ್ತಿದ್ದಾರೆ, ಕೊಡಲಾ? ಕೆಲವು ಸ್ಕ್ರೀನ್‌ಶಾಟ್ ಜೊತೆಗಿಟ್ಟಿದ್ದೇನೆ.
— ಓದುಗರು, ಧಾರವಾಡ

ಉತ್ತರ: ಮೊದಲು ಚುಟುಕಾಗಿ ಹೇಳಿಬಿಡುತ್ತೇನೆ. ಎಲ್ಲ ಕಡೆ ಒಂದೇ ಪೋಸ್ಟ್ ಬೇಕಿಲ್ಲ. ನಿಮ್ಮ ಮಾತು ಬಿಡಬೇಡಿ. ಹನ್ನೆರಡು ಸಾವಿರ ಈಗಲೇ ಕೊಡಬೇಡಿ.

ನೀವು ಕಳಿಸಿದ ಸ್ಕ್ರೀನ್‌ಶಾಟ್‌ಗಳನ್ನು ಎರಡು ಸಲ ಓದಿದೆ. ಎರಡನೇ ಸಲ ಒಂದು ಕಾಗದ ಇಟ್ಟುಕೊಂಡು, ಮೈಸೂರಿನವರು ಕೇಳಿದ ಆ ಒಂದೇ ಸೀರೆಯ ಬಗ್ಗೆ ಮೂರು ಕಡೆ ಏನು ಬರೆದಿದೆ ಎಂದು ಕೆಳಗೆ ಕೆಳಗೆ ಬರೆದುಕೊಂಡೆ. ಫೇಸ್‌ಬುಕ್‌ನಲ್ಲಿ ನಿಮ್ಮದು: "ನೋಡ್ರಿ ಅಕ್ಕಾರ, ನವಿಲು ಬಣ್ಣದ ಸೀರಿ ಬಂದಾವ. ಚಿಕ್ಕಿ ಪರಾಸ್ ದಡಿ, ಟೋಪ್ ತೆನಿ ಸೆರಗು." ಇನ್‌ಸ್ಟಾಗ್ರಾಮ್‌ನಲ್ಲಿ ಮಗಳದ್ದು: "ಹಾಯ್ ಗಾರ್ಜಸ್! ರಾಮಾ ಗ್ರೀನ್ ಪ್ಯೂರ್ ಸಿಲ್ಕ್ ಇಳಕಲ್! ಬೆಲೆಗೆ ಡಿಎಂ ಮಾಡಿ." ರಾತ್ರಿ ಹತ್ತೂವರೆಗೆ ವಾಟ್ಸಾಪ್‌ನಲ್ಲಿ ಯಜಮಾನರದ್ದು: "ಬಾಟಲ್ ಗ್ರೀನ್. ಆರ್ಟ್ ಸಿಲ್ಕ್. 1850. ಜಿಪೇ ಮಾಡಿ."

ಈಗ ಆ ಮೈಸೂರಿನವರ ಜಾಗದಲ್ಲಿ ಕೂತು ಓದಿ. ಅವರಿಗೆ ಅನುಮಾನ ಬಂದದ್ದು ಒಂದು ಕಡೆ ಕನ್ನಡ, ಇನ್ನೊಂದು ಕಡೆ ಇಂಗ್ಲಿಷ್ ಇದೆ ಅಂತ ಅಲ್ಲ. ಒಂದೇ ಫೋಟೊಕ್ಕೆ ಬಣ್ಣದ ಹೆಸರು ಮೂರು, ಬಟ್ಟೆ ಎರಡು: ಒಂದು ಕಡೆ ಪ್ಯೂರ್ ಸಿಲ್ಕ್, ಇನ್ನೊಂದು ಕಡೆ ಆರ್ಟ್ ಸಿಲ್ಕ್, ಅಂದರೆ ಕೃತಕ ರೇಷ್ಮೆ. ಬೇರೆಯವರ ಸೀರೆ ಫೋಟೊ ಕದ್ದು, ನಕಲಿ ಪುಟ ಮಾಡಿ, ಹಣ ಹಾಕಿಸಿಕೊಂಡು ಮಾಯವಾಗುವವರು ಇದ್ದಾರೆ ಎಂಬುದು ಆನ್‌ಲೈನ್‌ನಲ್ಲಿ ಸೀರೆ ಕೊಳ್ಳುವ ಎಲ್ಲರಿಗೂ ಗೊತ್ತು. ಅಂಗಡಿಯಲ್ಲಾದರೆ ಗಾದಿಯ ಮೇಲೆ ಕೂತವರ ಮುಖ ಕಾಣುತ್ತದೆ, ಸೀರೆ ಕೈಗೆ ಸಿಗುತ್ತದೆ. ಇಲ್ಲಿ ಇರುವುದು ಫೋಟೊ ಮತ್ತು ಮಾತು. ಫೋಟೊ ಯಾರು ಬೇಕಾದರೂ ಕದಿಯಬಹುದು. ಮಾತೂ ಮೂರು ಥರ ಆದರೆ ಆಕೆ ಯಾವುದನ್ನು ಹಿಡಿದುಕೊಳ್ಳಬೇಕು?

ನನ್ನ ಕಸುಬಿನವರು ಈ ಬ್ರ್ಯಾಂಡ್ ದನಿ ಎಂಬುದನ್ನು ಸುಮ್ನೆ ದೊಡ್ಡದು ಮಾಡಿಟ್ಟಿದ್ದೇವೆ. ನಾನೂ ಮಾಡಿದ್ದೇನೆ. ಬಹಳ ಹಿಂದೆ ಒಂದು ಸೀರೆ ಅಂಗಡಿಗೆ ಹದಿನೆಂಟು ಪುಟದ ದನಿ ಕೈಪಿಡಿ ಬರೆದುಕೊಟ್ಟಿದ್ದೆ. "ನಮ್ಮ ದನಿ ಬೆಚ್ಚಗಿನದು, ಆತ್ಮೀಯವಾದದ್ದು, ಹೆಮ್ಮೆಯದು" ಎಂದೆಲ್ಲ ಇತ್ತು. ಎರಡು ತಿಂಗಳ ಮೇಲೆ ಹೋದಾಗ ಅದರ ಮೇಲೆ ಚಹಾದ ಲೋಟ ಇಟ್ಟಿದ್ದರು. ಅವರದು ತಪ್ಪಿಲ್ಲ. "ಬೆಚ್ಚಗಿನ ದನಿ" ಎಂದು ಓದಿದ ಹುಡುಗನಿಗೆ, "ಸ್ವಲ್ಪ ಕಡಿಮೆ ಮಾಡ್ಕೊಳ್ಳಿ" ಎಂದ ಗ್ರಾಹಕಿಗೆ ಏನು ಬರೆಯಬೇಕು ಎಂಬುದು ಗೊತ್ತಾಗುವುದಿಲ್ಲ.

ಆಮೇಲಿಂದ ನಾನು ಮೂರೇ ಸಂಗತಿ ನೋಡುತ್ತೇನೆ. ಸರಕಿಗೆ ಏನೆಂದು ಹೆಸರಿಡುತ್ತೀರಿ. ಕೊಳ್ಳುವವರನ್ನು ಏನೆಂದು ಕರೆಯುತ್ತೀರಿ. ಬೆಲೆ, ತಡ, ದೂರು ಈ ಮೂರು ಕಷ್ಟದ ಜಾಗದಲ್ಲಿ ಏನು ಹೇಳುತ್ತೀರಿ. ಇವು ಎಲ್ಲ ಕಡೆ ಒಂದೇ ಇರಬೇಕು. ಉಳಿದದ್ದು, ಅಂದರೆ ವಾಕ್ಯದ ಉದ್ದ, ನಗು, ಎಮೋಜಿ, ಎಷ್ಟು ಇಂಗ್ಲಿಷ್ ಎಂಬುದು ಜಾಗಕ್ಕೆ ತಕ್ಕಂತೆ ಬದಲಾಗಬಹುದು. ನೀವು ಮದುವೆ ಮನೆಯಲ್ಲಿ ಮಾತಾಡುವ ಹಾಗೆ ಬ್ಯಾಂಕಿನಲ್ಲಿ ಮಾತಾಡುವುದಿಲ್ಲ. ಆದರೂ ಎರಡೂ ಕಡೆ ನೀವೇ ಅಲ್ವಾ?

ಸರಕಿನ ಹೆಸರಿನಿಂದ ಶುರು ಮಾಡೋಣ. ನಿಮ್ಮ ಗಂಟು ಇರುವುದು ಅಲ್ಲೇ.

ಬಣ್ಣದ ಹೆಸರು ಮೂರು ಆದದ್ದಕ್ಕೆ ನಿಮ್ಮ ಮನೆಯಲ್ಲಿ ಯಾರೂ ಸುಳ್ಳು ಹೇಳಿಲ್ಲ. ಇಳಕಲ್ ಸೀರೆಯ ಎಷ್ಟೋ ಬಣ್ಣಗಳು ಹಾಸಿನ ಉದ್ದ ಎಳೆಗೆ ಒಂದು ಬಣ್ಣ, ಹೊಕ್ಕಿನ ಅಡ್ಡ ಎಳೆಗೆ ಇನ್ನೊಂದು ಬಣ್ಣ ಇಟ್ಟು ನೇಯ್ದವು. ನಿಮ್ಮ ಈ ಸೀರೆಯೂ ಹಾಗೇ. ಒಂದು ಕಡೆಯಿಂದ ನೋಡಿದರೆ ಹಸಿರು, ಮಡಿಕೆ ತಿರುಗಿಸಿದರೆ ನೀಲಿ. ನೀವು ಬೆಳಗಿನ ಬೆಳಕಲ್ಲಿ ಅಂಗಳದಲ್ಲಿ ನೋಡಿ ನವಿಲು ಎಂದಿರಿ. ಮಗಳು ಫೋನಿನ ಫೋಟೊ ನೋಡಿ ರಾಮಾ ಗ್ರೀನ್ ಎಂದಳು. ಯಜಮಾನರು ರಾತ್ರಿ ಟ್ಯೂಬ್‌ಲೈಟ್ ಕೆಳಗೆ ಕಪಾಟು ತೆರೆದು ಬಾಟಲ್ ಗ್ರೀನ್ ಎಂದರು. ಮೂವರೂ ಕಂಡದ್ದನ್ನೇ ಹೇಳಿದ್ದಾರೆ. ಆದರೆ ಮೂವರೂ ಆಗಾಗ ಹೊಸದಾಗಿ ನೋಡಿ ಹೇಳುತ್ತಿದ್ದಾರೆ. ತೊಂದರೆ ಅದು.

ಪರಿಹಾರಕ್ಕೆ ಒಂದು ನೂರು ಪುಟದ ನೋಟ್‌ಬುಕ್ ಸಾಕು. ಸೀರೆ ಮನೆಗೆ ಬಂದ ದಿನವೇ, ಹಗಲು ಬೆಳಕಿನಲ್ಲಿ, ಒಬ್ಬರೇ ನೋಡಿ ಹೆಸರಿಡಬೇಕು. ಆ ಒಬ್ಬರು ನೀವಾಗಿರಿ. ಪ್ರತಿ ಸೀರೆಗೆ ಒಂದು ನಂಬರ್ ಕೊಡಿ. ಆ ನಂಬರಿನ ಮುಂದೆ ಒಡಲು, ಸೆರಗು, ದಡಿ, ಬಣ್ಣ, ಉದ್ದ, ಬ್ಲೌಸ್ ಪೀಸ್ ಇದೆಯೋ ಇಲ್ಲವೋ, ಬೆಲೆ ಬರೆಯಿರಿ. ಆ ಪುಟದ ಫೋಟೊ ಮೂವರ ಫೋನಿನಲ್ಲೂ ಇರಲಿ. ಆಮೇಲೆ ಯಾರೂ ಸೀರೆ ನೋಡಿ ಬಣ್ಣ ಹೇಳುವ ಹಾಗಿಲ್ಲ, ಪುಸ್ತಕ ನೋಡಿ ಹೇಳಬೇಕು. ಈ ಸೀರೆಯ ಸಾಲು ಹೀಗಿರಬಹುದು:

"214. ಒಡಲು ಹತ್ತಿ. ಸೆರಗು ಆರ್ಟ್ ಸಿಲ್ಕ್, ಟೋಪ್ ತೆನಿ, ಕೆಂಪು ಬಿಳಿ. ದಡಿ ಚಿಕ್ಕಿ ಪರಾಸ್. ಬಣ್ಣ ನವಿಲು ಹಸಿರು, ತಿರುಗಿಸಿದರೆ ನೀಲಿ ಛಾಯೆ. ಉದ್ದ ಐದೂವರೆ ಮೀಟರ್. ಬ್ಲೌಸ್ ಪೀಸ್ ಇಲ್ಲ. ಕೈಮಗ್ಗ. 1,850 ರೂಪಾಯಿ."

"ತಿರುಗಿಸಿದರೆ ನೀಲಿ ಛಾಯೆ" ಎಂಬ ಮೂರು ಪದ ಬಿಡಬೇಡಿ. "ಫೋಟೊದಲ್ಲಿ ಹಸಿರು ಇತ್ತು, ಬಂದದ್ದು ನೀಲಿ" ಎಂಬ ಜಗಳ ಹುಟ್ಟುವುದು ಆ ಪದಗಳು ಇಲ್ಲದ ಕಡೆ.

ಬಣ್ಣಕ್ಕಿಂತ ದೊಡ್ಡ ಅಪಾಯ "ಪ್ಯೂರ್ ಸಿಲ್ಕ್". ಮಗಳು ಬೇಕಂತ ಬರೆದಿರಲಾರಳು. ರೀಲ್‌ಗಳಲ್ಲಿ ಎಲ್ಲರೂ ಹಾಗೇ ಕೂಗುತ್ತಾರೆ, ಅದು ಅವಳ ಕಿವಿಗೆ ಸೀರೆಗೆ ಇಡುವ ಒಂದು ವಿಶೇಷಣದ ಹಾಗೆ ಕೇಳಿದೆ. ಆದರೆ ಅದು ವಿಶೇಷಣ ಅಲ್ಲ, ಒಪ್ಪಂದ. ಇಳಕಲ್‌ನಲ್ಲಿ ಒಡಲಿನ ಹಾಸೂ ಸೆರಗಿನ ಹಾಸೂ ಬೇರೆ ಬೇರೆ ಮಾಡಿ, ಎಳೆಗೆ ಎಳೆ ಕೊಂಡಿ ಹಾಕಿ ಜೋಡಿಸುತ್ತಾರೆ. ಹಾಗಾಗಿ ಒಂದೇ ಸೀರೆಯಲ್ಲಿ ಒಡಲು ಹತ್ತಿ, ಸೆರಗು ರೇಷ್ಮೆ ಇರಬಹುದು; ಒಡಲು ಹತ್ತಿ, ಸೆರಗು ಆರ್ಟ್ ಸಿಲ್ಕ್ ಇರಬಹುದು; ಎರಡೂ ರೇಷ್ಮೆ ಇರಬಹುದು. ಬೆಲೆಯಲ್ಲಿ ಎಷ್ಟು ಅಂತರ ಎಂದು ನಿಮಗೆ ನಾನು ಹೇಳಬೇಕಿಲ್ಲ. ಆದ್ದರಿಂದ ನಿಮ್ಮ ಅಂಗಡಿಯಲ್ಲಿ ಒಂದು ಕಟ್ಟುಪಾಡು ಇರಲಿ: ರೇಷ್ಮೆ ಎಂಬ ಪದ ಒಂಟಿಯಾಗಿ ಬರಬಾರದು. "ಸೆರಗು ರೇಷ್ಮೆ", "ಒಡಲು ರೇಷ್ಮೆ", "ಒಡಲೂ ಸೆರಗೂ ರೇಷ್ಮೆ" ಎಂದೇ ಬರಬೇಕು. "ಪ್ಯೂರ್", "ಒರಿಜಿನಲ್", "ಸೆಮಿ ಸಿಲ್ಕ್", "ಸಾಫ್ಟ್ ಸಿಲ್ಕ್" ಈ ನಾಲ್ಕನ್ನು ಪೂರ್ತಿ ಬಿಟ್ಟುಬಿಡಿ. ಕೊನೆಯ ಎರಡಕ್ಕೆ ಮಾರುವವರೊಬ್ಬೊಬ್ಬರದು ಒಂದೊಂದು ಅರ್ಥ. ಪವರ್‌ಲೂಮ್ ಮಾಲು ಇಟ್ಟಿದ್ದರೆ ಪವರ್‌ಲೂಮ್ ಎಂದೇ ಬರೆಯಿರಿ, ಅದಕ್ಕೆ ಬರೀ "ಇಳಕಲ್ ಸೀರೆ" ಎನ್ನಬೇಡಿ. ಇಳಕಲ್ ಸೀರೆಗೆ ಭೌಗೋಳಿಕ ಗುರುತಿನ ಮಾನ್ಯತೆ ಇದೆ, ಹೆಸರನ್ನು ಬೇಕಾದ ಹಾಗೆ ಎಳೆದಾಡಲು ಬರುವುದಿಲ್ಲ.

ಕಾನೂನಿನ ಮಾತು ಒಂದೇ ಒಂದು. ನಿಮ್ಮ ಇನ್‌ಸ್ಟಾಗ್ರಾಮ್ ಬಯೋದಲ್ಲಿ "ನೋ ರಿಟರ್ನ್, ನೋ ಎಕ್ಸ್‌ಚೇಂಜ್" ಎಂದಿದೆ. ಅದೇ ಫೇಸ್‌ಬುಕ್‌ನಲ್ಲಿ ನೀವು "ಮನಸಿಗೆ ಬರಲಿಲ್ಲಂದ್ರ ವಾಪಸ್ ಕಳಸ್ರಿ ಅಕ್ಕಾರ" ಎಂದು ಬರೆದಿದ್ದೀರಿ. 2020ರಲ್ಲಿ ಬಂದ ಇ-ಕಾಮರ್ಸ್ ಗ್ರಾಹಕ ರಕ್ಷಣಾ ನಿಯಮಗಳ ಪ್ರಕಾರ, ಬಣ್ಣಿಸಿದ ಹಾಗೆ ಇಲ್ಲದ ಮಾಲನ್ನು ವಾಪಸ್ ತೆಗೆದುಕೊಳ್ಳಲ್ಲ ಎನ್ನುವ ಹಾಗಿಲ್ಲ. ಆರ್ಟ್ ಸಿಲ್ಕ್ ಸೆರಗಿಗೆ ಪ್ಯೂರ್ ಸಿಲ್ಕ್ ಎಂದು ಬರೆದು, ಬಯೋದಲ್ಲಿ ವಾಪಸ್ ಇಲ್ಲ ಎಂದರೆ, ಕೈಗೆ ಕೋಳ ನೀವೇ ಹಾಕಿಕೊಂಡ ಹಾಗೆ. ಎರಡೂ ಕಡೆ ಒಂದೇ ಸಾಲು ಇರಲಿ: "ಹೇಳಿದ್ದಕ್ಕಿಂತ ಬೇರೆ ಬಂದರೆ, ಹರಿದು ಬಂದರೆ, ನಮ್ಮ ಖರ್ಚಿನಲ್ಲಿ ವಾಪಸ್. ಮನಸ್ಸು ಬದಲಾದರೆ ಏಳು ದಿನದಲ್ಲಿ ಬೇರೆ ಸೀರೆ, ಕೊರಿಯರ್ ಖರ್ಚು ನಿಮ್ಮದು." ದಿನದ ಲೆಕ್ಕ, ಖರ್ಚು ಯಾರದು ಎಂಬುದು ನಿಮಗೆ ಬಿಟ್ಟದ್ದು. ಎರಡು ಕಡೆ ಎರಡು ಥರ ಇರಬಾರದು ಅಷ್ಟೇ.

ಇನ್ನು ನಿಮ್ಮ ಮಾತಿನ ಧಾಟಿ. "ಪುಸ್ತಕದ ಕನ್ನಡ ಬರೀಬೇಕಾ" ಎಂದು ನೀವು ಕೇಳಿದ ರೀತಿಯಲ್ಲೇ ಸ್ವಲ್ಪ ಹೆದರಿಕೆ ಇದೆ. ಧಾರವಾಡದ ಮಾತು ಬರೆದರೆ ಬೆಂಗಳೂರು, ಮೈಸೂರಿನವರು ಹಗುರಾಗಿ ಕಾಣುತ್ತಾರೆ ಎಂಬ ಹೆದರಿಕೆ. ನಾನು ಕಂಡದ್ದು ಬೇರೆ. ಇಳಕಲ್ ಸೀರೆಯನ್ನು "ಹಾಯ್ ಗಾರ್ಜಸ್" ಎಂದು ಮಾರುವವರು ಬೇಕಾದಷ್ಟು ಜನ. "ದಡಿ" ಎಂದು ಹೇಳಿ ಮಾರುವವರು ಕಡಿಮೆ. ಊರು ಬಿಟ್ಟು ಪುಣೆಯಲ್ಲೋ ಅಮೆರಿಕದಲ್ಲೋ ಇರುವ ನಮ್ಮ ಕಡೆಯವರು ಆ ಒಂದು ಪದಕ್ಕೆ ಸ್ಕ್ರೋಲ್ ಮಾಡುವುದು ನಿಲ್ಲಿಸುತ್ತಾರೆ.

ಆದರೆ ಎರಡು ಎಚ್ಚರಿಕೆ. ಮೊದಲನೆಯದು, ಆ ಮಾತು ಆಡುವವರೇ ಬರೆಯಬೇಕು. ಇನ್ನೊಂದು ಕಡೆ ಒಬ್ಬರು ತಮಗೆ ಬಾರದ ಉತ್ತರ ಕರ್ನಾಟಕದ ಮಾತನ್ನು, ಸಿನಿಮಾದ ಹಾಸ್ಯ ಪಾತ್ರದ ಥರ, ಪ್ರತಿ ಪದಕ್ಕೂ "ರೀ" ಅಂಟಿಸಿ ಬರೆದರು. ಕೆಳಗೆ ಕಾಮೆಂಟ್‌ನಲ್ಲಿ ಹುಬ್ಬಳ್ಳಿಯವರೇ ಕಾಲೆಳೆದರು. ಆದ್ದರಿಂದ ನಿಮ್ಮ ಮಗಳು ನಿಮ್ಮ ಹಾಗೆ ಬರೆಯಲು ಹೋಗುವುದು ಬೇಡ. ಅವಳು ತನ್ನ ಸರಳ ಕನ್ನಡದಲ್ಲೇ ಬರೆಯಲಿ, ನಿಮ್ಮ ಮಾತನ್ನು ಉದ್ಧರಣ ಚಿಹ್ನೆಯೊಳಗೆ ತರಲಿ. ಹೇಗೆಂದು ಮುಂದೆ ತೋರಿಸುತ್ತೇನೆ. ಎರಡನೆಯದು, ಹಣ, ವಿಳಾಸ, ದಿನಾಂಕ, ವಾಪಸ್ ಈ ನಾಲ್ಕು ಬರುವ ವಾಕ್ಯ ಎಲ್ಲರಿಗೂ ತಿಳಿಯುವ ಕನ್ನಡದಲ್ಲಿರಲಿ. "ಮುಂದಿನ ವಾರದಾಗ ಕಳಸ್ತೀವ್ರಿ" ಚೆಂದ. ಆದರೆ "ಬುಧವಾರ 12ರಂದು ಕಳಿಸುತ್ತೇವೆ" ಎಂದರೆ ಮಂಗಳೂರಿನವರು ಮತ್ತೆ ಫೋನ್ ಮಾಡುವುದಿಲ್ಲ. ದಡಿ ಎಂಬ ಪದ ಮೊದಲ ಸಲ ಬಂದಾಗ "ದಡಿ, ಅಂದರೆ ಅಂಚು" ಎಂದು ಬಿಡಿ, ಸಾಕು.

ಕರೆಯುವ ಪದಕ್ಕೆ ಬಂದರೆ, ನೀವು "ಅಕ್ಕಾರ", ಮಗಳು "ಡಿಯರ್", "ಗಾರ್ಜಸ್", ಯಜಮಾನರು ಏನೂ ಇಲ್ಲ. ಇದರಲ್ಲಿ ಒಂದನ್ನು ಆರಿಸಿ. ಮೂವರಿಗೂ ಬಾಯಿಗೆ ಒಗ್ಗುವ ಪದ ಇರಬೇಕು. ಗಂಡಸರೊಬ್ಬರು ರಾತ್ರಿ ಹತ್ತೂವರೆಗೆ ಅಪರಿಚಿತ ಹೆಂಗಸಿಗೆ "ಡಿಯರ್" ಎಂದು ಬರೆಯಲಾಗದು, ಬರೆಯಲೂಬಾರದು. ವಾಟ್ಸಾಪ್ ಬಿಸಿನೆಸ್‌ನಲ್ಲಿ ಒಂದು ನಂಬರ್ ಅನ್ನು ಫೋನ್ ಜೊತೆಗೆ ಇನ್ನೂ ನಾಲ್ಕು ಸಾಧನಗಳಲ್ಲಿ ತೆರೆಯಬಹುದು. ಅನುಕೂಲವೇ, ಆದರೆ ಆ ಕಡೆ ಇರುವವರಿಗೆ ಈಗ ಬರೆಯುತ್ತಿರುವುದು ಯಾರು ಎಂದು ಕಾಣುವುದಿಲ್ಲ. ಮಧ್ಯಾಹ್ನ ಅಕ್ಕಾರ ಎಂದವರು ರಾತ್ರಿ ಡಿಯರ್ ಎಂದರೆ ಮುಜುಗರ. ನನ್ನ ಸಲಹೆ "ಅಕ್ಕಾ" ಮತ್ತು "ನೀವು". ಹೆಸರು ಗೊತ್ತಾದ ಮೇಲೆ ಹೆಸರಿನ ಜೊತೆ "ಅವರೇ". ಗಂಡಸರು ಹೆಂಡತಿಗೆಂದೋ ತಾಯಿಗೆಂದೋ ಕೇಳಿದರೆ "ಸರ್". ಇದರಲ್ಲಿ ಜಾಸ್ತಿ ತಲೆ ಕೆಡಿಸಿಕೊಳ್ಳಬೇಡಿ. ಲೋಗೊ, ಅಕ್ಷರದ ಬಣ್ಣ, ಎಮೋಜಿ ಎಷ್ಟು ಎಂಬುದರ ಬಗ್ಗೆಯಂತೂ ಇನ್ನೂ ಕಡಿಮೆ.

ಈಗ ರಾತ್ರಿಯ ವಾಟ್ಸಾಪ್. ದನಿ ಒಡೆಯುವುದು ಯಾವಾಗಲೂ ಇಲ್ಲಿ. ಕ್ಯಾಪ್ಷನ್ ಅನ್ನು ಮಧ್ಯಾಹ್ನ ಪುರುಸೊತ್ತಾಗಿ ಬರೆಯುತ್ತೇವೆ. ಇಲ್ಲಿ ದಿನದ ದಣಿವು ಬರೆಯುತ್ತದೆ. ಯಜಮಾನರನ್ನು ನಾನು ದೂರುತ್ತಿಲ್ಲ. ದಿನಕ್ಕೆ ಇಪ್ಪತ್ತು ಜನ "ಎಷ್ಟು?" ಎಂದಷ್ಟೇ ಕೇಳಿದರೆ ನಾನೂ "1850" ಎಂದಷ್ಟೇ ಬರೆಯುತ್ತೇನೆ. ಅವರಿಗೆ ಸಿಹಿಯಾಗಿ ಬರೆಯಿರಿ ಎಂದು ಹೇಳುವುದು ಬೇಡ. ಬರೆದಿಟ್ಟದ್ದನ್ನು ಕೊಡಿ.

ವಾಟ್ಸಾಪ್ ಬಿಸಿನೆಸ್ ಆ್ಯಪ್‌ನಲ್ಲಿ ಸಿದ್ಧ ಉತ್ತರಗಳನ್ನು ಉಳಿಸಿಡಬಹುದು, ಐವತ್ತರವರೆಗೆ. ಒಂದು ಓರೆಗೆರೆ ಒತ್ತಿ ಚಿಕ್ಕ ಹೆಸರು ಬರೆದರೆ ಪೂರ್ತಿ ಉತ್ತರ ಬರುತ್ತದೆ. ನಿಮಗೆ ಐವತ್ತು ಬೇಡ, ನಾಲ್ಕು ಸಾಕು. ಅವುಗಳಿಗೆ `/bele`, `/kadime`, `/tada`, `/bere` ಎಂದು ಹೆಸರಿಡಿ.

ಬೆಲೆಗೆ: "ಅಕ್ಕಾ, ಇದು ನಂಬರ್ __. ಬೆಲೆ __ ರೂಪಾಯಿ, ಕರ್ನಾಟಕದೊಳಗೆ ಕೊರಿಯರ್ ಸೇರಿ. ಬಣ್ಣ __. ಒಡಲು __, ಸೆರಗು __. ಬ್ಲೌಸ್ ಪೀಸ್ __. ಹಗಲು ಬೆಳಕಿನ ವಿಡಿಯೊ ಬೇಕಾದರೆ ಹೇಳಿ, ಬೆಳಿಗ್ಗೆ ಕಳಿಸುತ್ತೇವೆ." ಖಾಲಿ ಜಾಗ ತುಂಬಲು ನೋಟ್‌ಬುಕ್ ಇದೆ. ಕೊನೆಯ ವಾಕ್ಯ ಸುಮ್ನೆ ಮರ್ಯಾದೆಗೆ ಅಲ್ಲ. ರಾತ್ರಿ ಟ್ಯೂಬ್‌ಲೈಟ್ ಕೆಳಗೆ ಫೋಟೊ ತೆಗೆದು ಕಳಿಸುವುದನ್ನು ಅದು ತಪ್ಪಿಸುತ್ತದೆ.

ಚೌಕಾಸಿಗೆ: "ಅಕ್ಕಾ, ಒಂದು ಸೀರೆಗೆ ಇದೇ ಬೆಲೆ, ಎಲ್ಲರಿಗೂ ಇಷ್ಟೇ. ಎರಡು ತೆಗೆದುಕೊಂಡರೆ 150 ಕಡಿಮೆ." ನಿಮ್ಮ ಸ್ಕ್ರೀನ್‌ಶಾಟ್ ಒಂದರಲ್ಲಿ ಮಗಳು ಡಿಎಂನಲ್ಲಿ "ಫಿಕ್ಸೆಡ್ ಪ್ರೈಸ್" ಎಂದ ಗಿರಾಕಿಗೇ ಯಜಮಾನರು ಮರುದಿನ ನೂರೈವತ್ತು ಬಿಟ್ಟಿದ್ದಾರೆ. ಆಕೆ ಮುಂದಿನ ಸಲ ನೇರ ರಾತ್ರಿಯೇ ಬರುತ್ತಾಳೆ, ಮತ್ತು ನಾಲ್ಕು ಜನಕ್ಕೆ ಹೇಳುತ್ತಾಳೆ. ಬಿಡುವುದಾದರೆ ಮೂವರೂ ಬಿಡಿ, ಇಲ್ಲವಾದರೆ ಯಾರೂ ಬೇಡ.

ತಡಕ್ಕೆ: "ಅಕ್ಕಾ, ನಿಮ್ಮ ಸೀರೆ ಇನ್ನೂ ಮಗ್ಗದ ಮೇಲಿದೆ. __ ತಾರೀಖಿಗೆ ಕಳಿಸುತ್ತೇವೆ ಅಂದಿದ್ದೆವು, __ ತಾರೀಖು ಆಗುತ್ತದೆ. ಅಷ್ಟು ಕಾಯಲು ಆಗದಿದ್ದರೆ ಹೇಳಿ, ಹಣ ಇವತ್ತೇ ವಾಪಸ್ ಹಾಕುತ್ತೇವೆ." ಇದನ್ನು ಅವರು ಕೇಳುವ ಮೊದಲೇ ಕಳಿಸಬೇಕು. ಮಳೆಗಾಲದಲ್ಲಿ ಗುಂಡಿಮಗ್ಗದ ಕೆಲಸ ನಿಧಾನ ಎಂಬುದು ನಿಮಗೆ ಗೊತ್ತು, ಅವರಿಗೆ ಗೊತ್ತಿಲ್ಲ. ಬೇಕಾದರೆ ಅದನ್ನೂ ಒಂದು ವಾಕ್ಯ ಸೇರಿಸಿ. ಆದರೆ ಕಾರಣ ತಾರೀಖಿನ ಆಮೇಲೆ ಬರಲಿ. ಮೊದಲು ಕಾರಣ ಬಂದರೆ ನೆಪದ ಹಾಗೆ ಕೇಳುತ್ತದೆ.

ಬೇರೆ ಬಂದಿದೆ ಎಂಬ ದೂರಿಗೆ: "ಅಕ್ಕಾ, ತೊಂದರೆ ಆಯಿತು, ಕ್ಷಮಿಸಿ. ಸೀರೆಯ ಮತ್ತು ಪೊಟ್ಟಣದ ಮೇಲಿನ ಚೀಟಿಯ ಫೋಟೊ ಕಳಿಸಿ. ನಾಳೆ ಮಧ್ಯಾಹ್ನದೊಳಗೆ ನಾನೇ ಫೋನ್ ಮಾಡುತ್ತೇನೆ." ಇಲ್ಲಿಗೆ ಸಿದ್ಧ ಉತ್ತರ ಮುಗಿಯಿತು. ಮುಂದಿನದು ನಿಮ್ಮ ಬಾಯಿಂದಲೇ, ಫೋನಿನಲ್ಲಿ. ದೂರು ಕೊಟ್ಟವರಿಗೆ ಎರಡನೇ ಸಲವೂ ಅಚ್ಚು ಹಾಕಿದ ಉತ್ತರ ಹೋದರೆ ಸಿಟ್ಟು ಹೆಚ್ಚುತ್ತದೆ. ಸಿದ್ಧ ಉತ್ತರದ ಮಿತಿ ಅದು.

ಆ್ಯಪ್ ತಾನೇ ಕಳಿಸುವ ಸ್ವಾಗತ ಸಂದೇಶವನ್ನೂ ಒಮ್ಮೆ ನೋಡಿ. ಹೊಸಬರು ಮೊದಲ ಸಲ ಬರೆದಾಗ, ಅಥವಾ ಹದಿನಾಲ್ಕು ದಿನ ಮಾತಿಲ್ಲದೆ ಮತ್ತೆ ಬರೆದಾಗ ಅದು ಹೋಗುತ್ತದೆ. ನಿಮ್ಮದರಲ್ಲಿ ಆ್ಯಪ್ ಕೊಟ್ಟ ಇಂಗ್ಲಿಷ್ ಸಾಲೇ ಇನ್ನೂ ಇದೆ. ಮೂರು ಸೀರೆ ತೆಗೆದುಕೊಂಡ ಹಳೆಯ ಗಿರಾಕಿಗೂ ಅದೇ ಹೋಗಿದೆ. ಅಲ್ಲಿ ಹೀಗೆ ಬರೆಯಿರಿ: "ನಮಸ್ಕಾರ ಅಕ್ಕಾ. ಸೀರೆಯ ನಂಬರ್ ಅಥವಾ ಫೋಟೊ ಕಳಿಸಿ. ಹಗಲು ನಾನು, ರಾತ್ರಿ ಎಂಟರ ಮೇಲೆ ನಮ್ಮ ಮನೆಯವರು ಉತ್ತರ ಕೊಡುತ್ತೇವೆ. ಇನ್‌ಸ್ಟಾಗ್ರಾಮ್ ನೋಡಿಕೊಳ್ಳುವುದು ನಮ್ಮ ಮಗಳು." ನೀವು ಮೂವರು ಎಂಬುದನ್ನು ಮುಚ್ಚಿಡುವುದಕ್ಕಿಂತ ಹೇಳಿಬಿಡುವುದು ಸುಲಭ. ಒಬ್ಬರೇ ಇದ್ದ ಹಾಗೆ ನಟಿಸಲು ಹೋದರೆ ಮೂವರೂ ದಣಿಯುತ್ತೀರಿ. ಒಂದು ಮನೆಯ ಮೂವರು ಎಂದು ಗೊತ್ತಾದರೆ ಧಾಟಿಯ ವ್ಯತ್ಯಾಸ ಯಾರಿಗೂ ವಿಚಿತ್ರ ಅನಿಸುವುದಿಲ್ಲ.

ಈಗ 214ನೇ ಸೀರೆಯನ್ನೇ ಮೂರು ಕಡೆ ಬರೆದು ನೋಡೋಣ.

ಫೇಸ್‌ಬುಕ್, ನೀವು: "ನೋಡ್ರಿ ಅಕ್ಕಾ, ನವಿಲು ಹಸಿರು ಸೀರಿ ಬಂದದ. ಸ್ವಲ್ಪ ತಿರುಗಿಸಿದ್ರ ನೀಲಿ ಹೊಡೀತದ. ಒಡಲು ಹತ್ತಿ, ಸೆರಗು ಆರ್ಟ್ ಸಿಲ್ಕ್, ಟೋಪ್ ತೆನಿ. ದಡಿ ಚಿಕ್ಕಿ ಪರಾಸ್. ಬ್ಲೌಸ್ ಪೀಸ್ ಇಲ್ಲ, ಗುಳೇದಗುಡ್ಡದ ಖಣ ಹಾಕ್ಕೊಂಡ್ರ ಭಾಳ ಚಂದ ಕಾಣ್ತದ. ನಂಬರ್ 214. ಬೆಲೆ 1,850 ರೂಪಾಯಿ, ಕರ್ನಾಟಕದೊಳಗೆ ಕೊರಿಯರ್ ಸೇರಿ."

ಇನ್‌ಸ್ಟಾಗ್ರಾಮ್, ಮಗಳು: "ನವಿಲು ಹಸಿರು ಇಳಕಲ್, ನಂಬರ್ 214, 1,850 ರೂಪಾಯಿ. ರೀಲ್‌ನಲ್ಲಿ ಸೀರೆ ತಿರುಗುವಾಗ ನೀಲಿ ಕಾಣುತ್ತೆ, ಅದು ಫಿಲ್ಟರ್ ಅಲ್ಲ, ನೇಯ್ಗೆನೇ ಹಾಗೆ. ಸೆರಗಿನ ಈ ಕೆಂಪು ಬಿಳಿ ಡಿಸೈನ್‌ಗೆ ನಮ್ಮ ದೊಡ್ಡಮ್ಮ ಹೇಳೋದು 'ಟೋಪ್ ತೆನಿ, ಇದು ಇರಲಿಲ್ಲಂದ್ರ ಅದು ಇಳಕಲ್ ಅಲ್ಲ.' ಒಡಲು ಹತ್ತಿ, ಸೆರಗು ಆರ್ಟ್ ಸಿಲ್ಕ್. ಬ್ಲೌಸ್ ಪೀಸ್ ಇಲ್ಲ. ಕೊರಿಯರ್ ಕರ್ನಾಟಕಕ್ಕೆ ಸೇರಿದೆ."

ವಾಟ್ಸಾಪ್, ಯಜಮಾನರು: ಮೇಲಿನ `/bele`, ಖಾಲಿ ಜಾಗ ತುಂಬಿ. ಅಷ್ಟೇ.

ನೋಡಿ, ಮೂರೂ ಬೇರೆ ಬೇರೆ ಬಾಯಿ. ಆದರೆ ನಂಬರ್, ಬಣ್ಣ, ಒಡಲು, ಸೆರಗು, ಬೆಲೆ ಒಂದೇ. ಮಗಳ ಕ್ಯಾಪ್ಷನ್‌ನಲ್ಲಿ ಬೆಲೆ ಮೊದಲ ಸಾಲಿಗೇ ಬಂದಿರುವುದನ್ನೂ ಗಮನಿಸಿ. ಇನ್‌ಸ್ಟಾಗ್ರಾಮ್ ಮೊದಲ ಒಂದೆರಡು ಸಾಲು ತೋರಿಸಿ ಉಳಿದದ್ದನ್ನು ಮಡಚಿಡುತ್ತದೆ. "ಬೆಲೆಗೆ ಡಿಎಂ" ಎಂದರೆ ಜನ ಹೆಚ್ಚು ಮಾತಾಡಿಸುತ್ತಾರೆ ಎಂದು ಮಗಳಿಗೆ ಯಾರೋ ಹೇಳಿರಬೇಕು. ಮಾತಾಡಿಸುತ್ತಾರೆ, ನಿಜ. ಆದರೆ ಆ ಮಾತೆಲ್ಲ ಬಂದು ಬೀಳುವುದು ನಿಮ್ಮ ಮನೆಯ ರಾತ್ರಿಯ ಮೇಲೆ. ಮತ್ತೆ, ಮುಖ ನೋಡಿ ಬೆಲೆ ಹೇಳುತ್ತಾರೆ ಎಂಬ ಗುಮಾನಿಯೂ ಹುಟ್ಟುತ್ತದೆ.

ಏಜೆನ್ಸಿಯ ವಿಷಯ. ನಿಮ್ಮ ಮುಂದೆ ಮೂರು ದಾರಿ ಇದೆ. ಎಲ್ಲವನ್ನೂ ನೀವೇ ಬರೆಯಬಹುದು. ದನಿ ಒಂದೇ ಇರುತ್ತದೆ, ಆದರೆ ನೀವು ಇಳಕಲ್‌ಗೆ ಹೋದ ದಿನ, ಜ್ವರ ಬಂದ ದಿನ ಎಲ್ಲ ನಿಲ್ಲುತ್ತದೆ. ದಸರಾ, ದೀಪಾವಳಿ ಹೊತ್ತಿಗೆ ಕೈ ಸೋಲುತ್ತದೆ. ಏಜೆನ್ಸಿಗೆ ಕೊಡಬಹುದು. ಪೋಸ್ಟ್ ತಪ್ಪದೆ ಬರುತ್ತವೆ, ಫೋಟೊ ಚೆನ್ನಾಗಿರುತ್ತದೆ. ಆದರೆ ಅವರು ಸೀರೆ ಮುಟ್ಟಿರುವುದಿಲ್ಲ. ನೋಟ್‌ಬುಕ್ ಇಲ್ಲದೆ ಕೊಟ್ಟರೆ "ಪ್ಯೂರ್ ಸಿಲ್ಕ್" ಮತ್ತೆ ಬಂದೇ ಬರುತ್ತದೆ, ಈ ಸಲ ದುಡ್ಡು ಕೊಟ್ಟು. ಅಲ್ಲದೆ ಹೆಚ್ಚಿನವರು ಪೋಸ್ಟ್ ಮಾತ್ರ ಹಾಕುತ್ತಾರೆ, ವಾಟ್ಸಾಪ್ ಮುಟ್ಟುವುದಿಲ್ಲ. ನಿಮ್ಮ ಒಡಕು ಇರುವುದೇ ಅಲ್ಲಿ. ಮೂರನೆಯದು, ಈಗಿನ ಹಾಗೇ ಮೂವರೂ ಇದ್ದು, ನೋಟ್‌ಬುಕ್ ಮತ್ತು ನಾಲ್ಕು ಉತ್ತರ ಹಂಚಿಕೊಳ್ಳುವುದು. ಇದರ ಅಪಾಯವೆಂದರೆ ಎರಡನೇ ತಿಂಗಳಿಗೆ ನೋಟ್‌ಬುಕ್ ಬರೆಯುವುದು ತಪ್ಪುತ್ತದೆ. ನನಗೆ ಹೇಳುವುದಾದರೆ ಮೂರನೆಯದನ್ನೇ ಮೂರು ತಿಂಗಳು ಮಾಡಿ. ಆಮೇಲೆ ಪೋಸ್ಟ್ ಹಾಕಲು ಸಮಯ ಸಾಲದಿದ್ದರೆ ಏಜೆನ್ಸಿ ಕರೆಯಿರಿ, ಫೋಟೊ ಮತ್ತು ರೀಲ್ ಕೆಲಸ ಮಾತ್ರ ಕೊಡಿ. ಮಾತು ನೋಟ್‌ಬುಕ್‌ನಿಂದಲೇ ಬರಬೇಕು, ನೀವು ಓದದೆ ಯಾವುದೂ ಹೋಗಬಾರದು ಎಂದು ಮೊದಲೇ ಹೇಳಿ. ಖಾತೆಗಳ ಪಾಸ್‌ವರ್ಡ್, ಅದಕ್ಕೆ ಜೋಡಿಸಿದ ಫೋನ್ ನಂಬರ್ ನಿಮ್ಮದೇ ಇರಲಿ.

ಸರಿಹೋಗುತ್ತಿದೆಯೋ ಇಲ್ಲವೋ ತಿಳಿಯಲು ಲೈಕ್ ಎಣಿಸಬೇಡಿ. ತಿಂಗಳಿಗೊಮ್ಮೆ ಹತ್ತು ವಾಟ್ಸಾಪ್ ಮಾತುಕತೆ ತೆಗೆದು ಓದಿ. "ಇದು ರೇಷ್ಮೆನಾ?", "ಇನ್‌ಸ್ಟಾದಲ್ಲಿ ಇದ್ದದ್ದು ಇದೇನಾ?", "ಅವರು ಕಡಿಮೆ ಹೇಳಿದ್ರು" ಈ ಮೂರು ಥರದ ಪ್ರಶ್ನೆ ಎಷ್ಟು ಸಲ ಬಂದಿವೆ ನೋಡಿ. ಕಡಿಮೆಯಾಗುತ್ತಾ ಬಂದರೆ ನೋಟ್‌ಬುಕ್ ಕೆಲಸ ಮಾಡುತ್ತಿದೆ. ಒಂದೇ ಪ್ರಶ್ನೆ ಮತ್ತೆ ಮತ್ತೆ ಬಂದರೆ ನಾಲ್ಕು ಉತ್ತರದಲ್ಲಿ ಯಾವುದೋ ಒಂದರಲ್ಲಿ ತೂತಿದೆ.

ಹಳೆಯ ಪೋಸ್ಟ್‌ಗಳನ್ನೆಲ್ಲ ಅಳಿಸಬೇಡಿ. ನಾಲ್ಕು ವರ್ಷದಿಂದ ಇದ್ದೀರಿ ಎಂಬುದಕ್ಕೆ ಅವೇ ಸಾಕ್ಷಿ. "ಪ್ಯೂರ್ ಸಿಲ್ಕ್" ಇರುವವನ್ನು ಮಾತ್ರ ಹುಡುಕಿ ತಿದ್ದಿ. ಇನ್‌ಸ್ಟಾಗ್ರಾಮ್‌ನಲ್ಲಿ ಕ್ಯಾಪ್ಷನ್ ಆಮೇಲೆ ತಿದ್ದಲು ಬರುತ್ತದೆ. ಮಗಳಿಗೆ ಒಂದು ಭಾನುವಾರದ ಕೆಲಸ. ರೀಲ್‌ನಲ್ಲಿ ಬಾಯಲ್ಲೇ ಹಾಗೆ ಹೇಳಿದ್ದರೆ ತಿದ್ದಲು ಬರುವುದಿಲ್ಲ, ಆ ರೀಲ್ ಅನ್ನು ತೆಗೆದುಬಿಡಿ.

ಮೈಸೂರಿನ ಆ ಅಕ್ಕನ ನಂಬರ್ ನಿಮ್ಮ ಹತ್ತಿರ ಇನ್ನೂ ಇದೆ ಅಲ್ವಾ? ಅವರಿಗೆ ರಿಯಾಯಿತಿ ಕೊಟ್ಟು ಕರೆಯಬೇಡಿ. ಹೀಗೆ ಬರೆಯಿರಿ, ನೀವೇ, ಹಗಲು ಹೊತ್ತಿನಲ್ಲಿ: "ನಮಸ್ಕಾರ ಅಕ್ಕಾ. ಹೋದ ತಿಂಗಳು ನೀವು ಕೇಳಿದ್ದು ಸರಿ ಇತ್ತು. ಇನ್‌ಸ್ಟಾಗ್ರಾಮ್ ನಮ್ಮ ಮಗಳದ್ದು, ರಾತ್ರಿ ಉತ್ತರ ಕೊಟ್ಟವರು ನಮ್ಮ ಮನೆಯವರು, ಇದನ್ನು ಬರೆಯುತ್ತಿರುವುದು ನಾನು. ಆ ಸೀರೆಯ ಸೆರಗು ಆರ್ಟ್ ಸಿಲ್ಕ್. ಪ್ಯೂರ್ ಸಿಲ್ಕ್ ಎಂದು ಬರೆದದ್ದು ನಮ್ಮ ತಪ್ಪು, ತಿದ್ದಿದ್ದೇವೆ. ಬಣ್ಣ ನವಿಲು ಹಸಿರು, ಬೆಳಗಿನ ಬೆಳಕಿನ ವಿಡಿಯೊ ಇದರ ಜೊತೆಗಿದೆ." ಕೆಳಗೆ ನಿಮ್ಮ ಹೆಸರು ಹಾಕಿ. ಕೊಳ್ಳಿ ಎಂದು ಕೇಳಬೇಡಿ.